ಸ್ಟ್ಯಾಟಿನ್ ತೆಗೆದುಕೊಳ್ಳುವವರ ಕ್ಯೂ10 ವರದಿ: ಕೊಲೆಸ್ಟರಾಲ್ ಜೊತೆಗಿಟ್ಟೇ ಓದಬೇಕು

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾಗಿ ಕೆಲವು ವಾರ ಕಳೆದ ಮೇಲೆ ರಕ್ತದ ಕೋಎನ್‌ಜೈಮ್ ಕ್ಯೂ10 ಅಳೆದರೆ ಮೂರನೇ ಒಂದು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಇಳಿದಿರುವುದು ಮಾಮೂಲು. ಅಂಕಿ ನೋಡಿದವರು ಗಾಬರಿಯಾಗುತ್ತಾರೆ, ಕಾಲುನೋವು ಇದ್ದರಂತೂ ‘ಇದೇ ಕಾರಣ’ ಎಂದು ತೀರ್ಮಾನಿಸಿಬಿಡುತ್ತಾರೆ. ಕ್ಲಿನಿಕಲ್ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುವವರು ಈ ತೀರ್ಮಾನಕ್ಕೆ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ದೇಹ ಕ್ಯೂ10 ತಯಾರಿಸುವುದೇ ಕಡಿಮೆಯಾಗಿದೆಯೆ? ಅಥವಾ ರಕ್ತದಲ್ಲಿ ಅದನ್ನು ಹೊರುವ ಗಾಡಿ ಕಡಿಮೆಯಾಗಿದೆಯೆ? ಇದಕ್ಕೆ ಉತ್ತರ ಸಿಗಬೇಕಾದರೆ ಈ ಅಣು ಎಲ್ಲಿದ್ದು ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು.

1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಕ್ರೇನ್ ಮತ್ತು ಜೊತೆಯವರು ದನದ ಹೃದಯದ ಮೈಟೊಕಾಂಡ್ರಿಯಾದಿಂದ ಇದನ್ನು ಬೇರ್ಪಡಿಸಿದರು. ಒಂದು ಕ್ವಿನೋನ್ ಉಂಗುರದ ತಲೆ, ಅದಕ್ಕೆ ಹತ್ತು ಐಸೊಪ್ರೀನ್ ಕೊಂಡಿಗಳ ಉದ್ದನೆಯ ಬಾಲ. ಹೆಸರಿನಲ್ಲಿರುವ ಹತ್ತು ಈ ಕೊಂಡಿಗಳ ಲೆಕ್ಕ. ಬಾಲ ಎಣ್ಣೆಯ ಗುಣದ್ದು, ನೀರಿಗೆ ಸೇರುವುದಿಲ್ಲ. ಹಾಗಾಗಿ ಇಡೀ ಅಣು ಮೈಟೊಕಾಂಡ್ರಿಯಾದ ಒಳಪೊರೆಯ ಕೊಬ್ಬಿನ ಪದರದೊಳಗೇ ಓಡಾಡಿಕೊಂಡಿರುತ್ತದೆ. ಕೆಲಸವೆಲ್ಲ ತಲೆಯದು. ಅದು ಎರಡು ಎಲೆಕ್ಟ್ರಾನ್‌ಗಳನ್ನೂ ಎರಡು ಪ್ರೋಟಾನ್‌ಗಳನ್ನೂ ತೆಗೆದುಕೊಂಡರೆ ಯುಬಿಕ್ವಿನೋಲ್, ಬಿಟ್ಟುಕೊಟ್ಟರೆ ಮತ್ತೆ ಯುಬಿಕ್ವಿನೋನ್. ಇದನ್ನು ಕಣ್ಣಿನಿಂದಲೇ ನೋಡಬಹುದು: ಯುಬಿಕ್ವಿನೋನನ್ನು ಇಥನಾಲ್‌ನಲ್ಲಿ ಕರಗಿಸಿದಾಗ ಇರುವ ಹಳದಿ ಬಣ್ಣ, ಚಿಟಿಕೆ ಸೋಡಿಯಂ ಬೊರೊಹೈಡ್ರೈಡ್ ಹಾಕಿದೊಡನೆ ಮಾಯವಾಗುತ್ತದೆ. ಸ್ಪೆಕ್ಟ್ರೊಫೋಟೊಮೀಟರಿನಲ್ಲಿ 275 ನ್ಯಾನೊಮೀಟರಿನ ಎತ್ತರದ ಶಿಖರ ಕುಸಿದು, 290ರ ಹತ್ತಿರ ಒಂದು ಸಣ್ಣ ದಿಬ್ಬವಷ್ಟೇ ಉಳಿಯುತ್ತದೆ.

ಪೊರೆಯೊಳಗೆ ಕಾಂಪ್ಲೆಕ್ಸ್ ಎಂಬ ಪ್ರೋಟೀನ್ ಗುಂಪುಗಳು ಎಲೆಕ್ಟ್ರಾನ್ ಸಾಗಿಸುವ ಸರಪಳಿಯಾಗಿವೆ; ಅದರಲ್ಲಿ ಈ ಅಣುವಿಗೆ ಎಲೆಕ್ಟ್ರಾನ್ ತುಂಬಿಸುವ ಮುಖ್ಯ ಕಡೆಗಳು ಎರಡು. ಮೊದಲನೇ ಕಾಂಪ್ಲೆಕ್ಸ್ ಎನ್‌ಎಡಿಎಚ್‌ನಿಂದ ತಂದು ಕೊಡುತ್ತದೆ, ಎರಡನೆಯದು ಸಕ್ಸಿನೇಟ್‌ನಿಂದ. ತುಂಬಿಕೊಂಡ ಯುಬಿಕ್ವಿನೋಲ್ ತೇಲುತ್ತಾ ಮೂರನೇ ಕಾಂಪ್ಲೆಕ್ಸ್‌ಗೆ ಬಂದು, ಪೊರೆಯ ಹೊರಬದಿಗೆ ಹತ್ತಿರವಿರುವ ‘ಕ್ಯೂ-ಓ’ ಎಂಬ ಗೂಡಿನಲ್ಲಿ ಕೂರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಸರಪಳಿಯಲ್ಲಿ ಬಿಡಿಸಿ ನೋಡಲೇಬೇಕಾದ ಜಾಗ ಇದು. ಎರಡು ಎಲೆಕ್ಟ್ರಾನ್‌ಗಳೂ ಒಂದೇ ದಾರಿ ಹಿಡಿಯುವುದಿಲ್ಲ. ಒಂದು ಕಬ್ಬಿಣ-ಗಂಧಕದ ಕೇಂದ್ರದ ಮೂಲಕ ಸೈಟೊಕ್ರೋಮ್ ಸಿ ಕಡೆಗೆ ಹೋಗುತ್ತದೆ. ಇನ್ನೊಂದು ಸೈಟೊಕ್ರೋಮ್ ಬಿ ಹಾದಿಯಲ್ಲಿ ಪೊರೆಯನ್ನು ದಾಟಿ, ಒಳಬದಿಯ ‘ಕ್ಯೂ-ಐ’ ಗೂಡಿನಲ್ಲಿ ಕಾಯುತ್ತಿರುವ ಬೇರೊಂದು ಕ್ವಿನೋನ್‌ಗೆ ಸೇರುತ್ತದೆ. ಹೊರಬದಿಯಲ್ಲಿ ಎರಡನೇ ಯುಬಿಕ್ವಿನೋಲ್ ಇದೇ ರೀತಿ ಖಾಲಿಯಾದಾಗ ಒಳಬದಿಯ ಕ್ವಿನೋನ್‌ಗೆ ಎರಡನೇ ಎಲೆಕ್ಟ್ರಾನ್ ಸಿಗುತ್ತದೆ. ಅದು ಒಳಗಿನಿಂದ ಎರಡು ಪ್ರೋಟಾನ್ ಎಳೆದುಕೊಂಡು ಮತ್ತೆ ಯುಬಿಕ್ವಿನೋಲ್ ಆಗುತ್ತದೆ. ಅಂದರೆ ಎರಡು ಖರ್ಚಾದರೆ ಒಂದು ವಾಪಸ್, ಮತ್ತು ಪೊರೆಯ ಹೊರಗೆ ನಾಲ್ಕು ಪ್ರೋಟಾನ್ ಜಮಾ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ತಯಾರಾಗುವುದು ಹೀಗೆ ಕೂಡಿದ ಪ್ರೋಟಾನ್‌ಗಳ ಒತ್ತಡದಿಂದ. ಈ ಕ್ಯೂ-ಚಕ್ರವನ್ನು 1975ರಲ್ಲಿ ಮುಂದಿಟ್ಟವರು ಪೀಟರ್ ಮಿಚೆಲ್.

ಈಗ ಸ್ಟ್ಯಾಟಿನ್ ಎಲ್ಲಿ ಅಡ್ಡ ಬರುತ್ತದೆ ನೋಡೋಣ. ಕೊಲೆಸ್ಟರಾಲ್ ತಯಾರಿಯ ಶುರುವಿನಲ್ಲಿರುವ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ, ಮೆವಲೊನೇಟ್ ಕಡಿಮೆಯಾಗುತ್ತದೆ. ಮೆವಲೊನೇಟ್‌ನಿಂದ ಐದು ಕಾರ್ಬನ್ನಿನ ಐಸೊಪ್ರೀನ್ ತುಣುಕುಗಳು, ಅವು ಮೂರು ಸೇರಿದರೆ ಫಾರ್ನೆಸಿಲ್ ಪೈರೊಫಾಸ್ಫೇಟ್. ದಾರಿ ಕವಲೊಡೆಯುವುದು ಇಲ್ಲಿ. ಒಂದು ಕವಲು ಸ್ಕ್ವಾಲೀನ್ ಆಗಿ ಕೊಲೆಸ್ಟರಾಲ್‌ಗೆ ಹೋಗುತ್ತದೆ, ಇನ್ನೊಂದರಲ್ಲಿ ಹತ್ತು ಕೊಂಡಿಗಳ ಬಾಲ ಬೆಳೆಯುತ್ತದೆ. ಕ್ಯೂ10ರ ತಲೆಗೆ ಬೇಕಾದ ಉಂಗುರ ಟೈರೊಸಿನ್‌ನಿಂದ ಬರುವುದರಿಂದ ಅದಕ್ಕೆ ಸ್ಟ್ಯಾಟಿನ್‌ನಿಂದ ತೊಂದರೆಯಿಲ್ಲ. ಕೊರತೆಯಾಗುವುದು ಬಾಲದ ಸಾಮಗ್ರಿಗೆ. ಆದರೆ ಎರಡೂ ಕವಲು ಒಂದೇ ಪ್ರಮಾಣದಲ್ಲಿ ಒಣಗುವುದಿಲ್ಲ. ಬಾಲ ಕಟ್ಟುವ ಕಿಣ್ವಗಳು ಸಾಮಗ್ರಿ ಕಡಿಮೆಯಿದ್ದಾಗಲೂ ಅದನ್ನು ಹಿಡಿದುಕೊಳ್ಳಬಲ್ಲವು, ಸ್ಕ್ವಾಲೀನ್ ಮಾಡುವ ಕಿಣ್ವಕ್ಕೆ ಹೆಚ್ಚು ಸಾಂದ್ರತೆ ಬೇಕು. ಕಾಲುವೆಯಲ್ಲಿ ನೀರು ಇಳಿದಾಗ ಎತ್ತರದ ತೂಬಿಗೆ ಮೊದಲು ನೀರು ನಿಲ್ಲುವ ಹಾಗೆ, ಕೊಲೆಸ್ಟರಾಲ್ ಕವಲು ಮೊದಲು ಸೊರಗುತ್ತದೆ.

ಹಾಗಿದ್ದರೂ ರಕ್ತದ ಕ್ಯೂ10 ಅಷ್ಟೊಂದು ಇಳಿಯುವುದೇಕೆ? ಅದು ರಕ್ತದಲ್ಲಿ ತಾನಾಗಿ ಕರಗುವುದಿಲ್ಲ, ಬಹುಪಾಲು ಕೊಲೆಸ್ಟರಾಲ್ ಹೊರುವ ಎಲ್‌ಡಿಎಲ್ ಕಣಗಳಲ್ಲಿ ಕೂತು ಸಾಗುತ್ತದೆ. ಸ್ಟ್ಯಾಟಿನ್ ಎಲ್‌ಡಿಎಲ್ ಇಳಿಸಿದರೆ ಅದರೊಳಗಿದ್ದ ಕ್ಯೂ10 ಕೂಡ ರಕ್ತದಿಂದ ಹೊರಟುಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ಮಾತ್ರೆಗೆ ಮುಂಚೆ ಒಬ್ಬರ ಒಟ್ಟು ಕೊಲೆಸ್ಟರಾಲ್ ಡೆಸಿಲೀಟರಿಗೆ 240 ಮಿಲಿಗ್ರಾಂ, ಕ್ಯೂ10 ಲೀಟರಿಗೆ 0.93 ಮೈಕ್ರೊಮೋಲ್ ಎಂದುಕೊಳ್ಳಿ. ಮಾತ್ರೆಯ ನಂತರ ಕೊಲೆಸ್ಟರಾಲ್ 155, ಕ್ಯೂ10 0.58. ಬರೀ ಕ್ಯೂ10 ನೋಡಿದರೆ ಶೇಕಡ 38ರಷ್ಟು ಇಳಿಕೆ. ಕೊಲೆಸ್ಟರಾಲನ್ನು 38.67ರಿಂದ ಭಾಗಿಸಿ ಲೀಟರಿಗೆ ಮಿಲಿಮೋಲ್ ಮಾಡಿಕೊಂಡರೆ 6.2 ಮತ್ತು 4.0. ಕ್ಯೂ10ನ್ನು ಇದರಿಂದ ಭಾಗಿಸಿದಾಗ ಮುಂಚೆ 0.150, ಆಮೇಲೆ 0.145. ವ್ಯತ್ಯಾಸ ಶೇಕಡ 3ರಷ್ಟು. ಅಳತೆಯ ಏರುಪೇರಿನೊಳಗೇ ಮುಗಿದುಹೋಗುವಂಥದ್ದು. ಅದೇ ವ್ಯಕ್ತಿಯ ಕ್ಯೂ10 0.40ಕ್ಕೆ ಇಳಿದಿದ್ದರೆ ಅನುಪಾತ 0.10 ಆಗುತ್ತಿತ್ತು, ಆಗ ಗಾಡಿ ಕಡಿಮೆಯಾಯಿತು ಎಂಬ ಕಾರಣ ಸಾಲದು. ವರದಿಯಲ್ಲಿ ಈ ಅನುಪಾತವನ್ನೂ ಬರೆದು ಕಳಿಸಬೇಕು ಎಂಬುದು ನನ್ನ ಆಗ್ರಹ.

ಸ್ನಾಯುವಿನ ಕ್ಯೂ10 ಮಾತ್ರ ರಕ್ತ ನೋಡಿ ಹೇಳಲಾಗದು, ಏಕೆಂದರೆ ಸ್ನಾಯು ತನ್ನದನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಟು ವಾರ ಸಿಮ್ವಾಸ್ಟ್ಯಾಟಿನ್ 80 ಮಿಲಿಗ್ರಾಂ ತೆಗೆದುಕೊಂಡವರ ಸ್ನಾಯುವಿನಲ್ಲಿ ಕ್ಯೂ10 ಇಳಿದಿತ್ತು, ಅಟೊರ್ವಾಸ್ಟ್ಯಾಟಿನ್ 40 ತೆಗೆದುಕೊಂಡವರಲ್ಲಿ ಇಳಿದಿರಲಿಲ್ಲ. ಇದಲ್ಲದೆ 2015ರ ಇನ್ನೊಂದು ಅಧ್ಯಯನ, ಸ್ಟ್ಯಾಟಿನ್‌ಗಳ ಲ್ಯಾಕ್ಟೋನ್ ರೂಪ ಮೇಲೆ ಹೇಳಿದ ಕ್ಯೂ-ಓ ಗೂಡಿಗೇ ಅಡ್ಡ ಬರಬಲ್ಲದು ಎಂದು ತೋರಿಸಿತು. ಅಣು ಬೇಕಾದಷ್ಟಿದ್ದರೂ ಅದು ಇಳಿಯಬೇಕಾದ ಕಟ್ಟೆ ಮುಚ್ಚಿದ್ದರೆ ಎಲೆಕ್ಟ್ರಾನ್ ಸಾಗುವುದಿಲ್ಲ. ನೋವಿರುವವರ ಕ್ಯೂ10 ಸರಿಯಾಗಿ ಕಂಡರೂ ‘ನೋವಿಗೂ ಮಾತ್ರೆಗೂ ಸಂಬಂಧವಿಲ್ಲ’ ಎಂದು ಬರೆಯಬಾರದು ಎನ್ನುವುದಕ್ಕೆ ಇದೇ ಕಾರಣ.

ಸ್ಯಾಂಪಲ್ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ. ಪ್ಲಾಸ್ಮಾದಲ್ಲಿ ಕ್ಯೂ10 ಶೇಕಡ 90ಕ್ಕಿಂತ ಹೆಚ್ಚು ಯುಬಿಕ್ವಿನೋಲ್ ರೂಪದಲ್ಲಿರುತ್ತದೆ, ಟ್ಯೂಬು ಮೇಜಿನ ಮೇಲೆ ಕೂತಷ್ಟೂ ಅದು ಯುಬಿಕ್ವಿನೋನ್ ಆಗುತ್ತಾ ಹೋಗುತ್ತದೆ. 275ರಲ್ಲಿ ಓದುವ ಎಚ್‌ಪಿಎಲ್‌ಸಿಯಲ್ಲಿ ತಡವಾಗಿ ಓಡಿಸಿದ ಸ್ಯಾಂಪಲ್ ಹೆಚ್ಚು ತೋರಿಸುತ್ತದೆ, ತಾಜಾದ್ದು ಕಡಿಮೆ. ಒಟ್ಟು ಪ್ರಮಾಣವಷ್ಟೇ ಸಾಕಿದ್ದರೆ ಮೊದಲೇ ಬೆಂಜೊಕ್ವಿನೋನ್ ಸೇರಿಸಿ ಎಲ್ಲವನ್ನೂ ಯುಬಿಕ್ವಿನೋನ್ ಮಾಡಿಕೊಂಡು, 1-ಪ್ರೊಪನಾಲ್‌ನಲ್ಲಿ ತೆಗೆದು ಓಡಿಸಬೇಕು. ಎರಡು ರೂಪಗಳೂ ಬೇರೆ ಬೇರೆ ಬೇಕಿದ್ದರೆ ತಣ್ಣಗೆ ಸೆಂಟ್ರಿಫ್ಯೂಜ್ ಮಾಡಿ ತಕ್ಷಣ ಮೈನಸ್ 80 ಡಿಗ್ರಿಗೆ ಇಡಬೇಕು. ಮಾತ್ರೆಗೆ ಮುಂಚಿನದನ್ನು ಒಂದು ಕ್ರಮದಲ್ಲಿ, ನಂತರದ್ದನ್ನು ಇನ್ನೊಂದರಲ್ಲಿ ಅಳೆದರೆ ಮೇಲಿನ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ.

ಕ್ಯೂ10 ಮಾತ್ರೆ ನುಂಗಿದರೆ ರಕ್ತದ ಅಂಕಿ ಏರುತ್ತದೆ, ನೋವಿನ ಮೇಲಿನ ಪರಿಣಾಮ ಮಾತ್ರ ಪ್ರಯೋಗದಿಂದ ಪ್ರಯೋಗಕ್ಕೆ ಬೇರೆ. 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿ ಇದನ್ನು ವಾಡಿಕೆಯಾಗಿ ಕೊಡಬೇಡಿ ಎನ್ನುತ್ತದೆ. ತೆಗೆದುಕೊಳ್ಳುವವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮೇಲಿದ್ದರೆ ಡಾಕ್ಟರಿಗೆ ಹೇಳಲೇಬೇಕು: ಕ್ಯೂ10ರ ರಚನೆ ವಿಟಮಿನ್ ಕೆ ಹಾಗೇ ಇರುವುದರಿಂದ ಐಎನ್‌ಆರ್ ಇಳಿಯಬಹುದು. ಇನ್ನು ಸ್ಟ್ಯಾಟಿನ್ ಮೇಲಿರುವವರಿಗೆ ಜೋರು ಸ್ನಾಯುನೋವು, ನಿಶ್ಶಕ್ತಿ ಬಂದರೆ ಮೊದಲು ಮಾಡಿಸಬೇಕಾದ ಪರೀಕ್ಷೆ ಕ್ರಿಯಾಟಿನ್ ಕೈನೇಸ್. ಅದು ಮೇಲಿನ ಮಿತಿಯ ಹತ್ತು ಪಟ್ಟು ದಾಟಿದ್ದರೆ ಅಥವಾ ಮೂತ್ರ ಕಡು ಚಹಾ ಬಣ್ಣಕ್ಕೆ ತಿರುಗಿದ್ದರೆ, ಕ್ಯೂ10 ವರದಿಗೆ ಕಾಯದೆ ಅದೇ ದಿನ ಡಾಕ್ಟರಿಗೆ ಫೋನ್ ಹೋಗಬೇಕು.