ನಿಂತ ಆಟೋದಲ್ಲಿ ಓಡುವ ದೃಶ್ಯ

“ನನ್ನ ಕಿರುಚಿತ್ರದಲ್ಲಿ ಇಬ್ಬರು ಆಟೋದಲ್ಲಿ ಹೋಗುತ್ತಾ ಮಾತನಾಡುವ ದೃಶ್ಯವಿದೆ. ಗಾಡಿಗೆ ಕ್ಯಾಮೆರಾ ಕಟ್ಟುವ ರಿಗ್ ಬಾಡಿಗೆಗೆ ತರುವಷ್ಟು ಹಣವಿಲ್ಲ. ದೃಶ್ಯವನ್ನೇ ಕೈಬಿಡಬೇಕೇ, ಬೇರೆ ರೀತಿ ಬರೆಯಬಹುದೇ?”

ಕೈಬಿಡಬೇಡಿ. ಹೊತ್ತನ್ನು ರಾತ್ರಿಗೆ ಬದಲಾಯಿಸಿ, ಆಟೋ ಒಂದು ಕಡೆ ನಿಂತೇ ಇರುತ್ತದೆ ಎಂದುಕೊಂಡು ಬರೆಯಿರಿ. ಕತ್ತಲಲ್ಲಿ ಗಾಡಿ ಓಡುತ್ತಿದೆ ಎಂದು ನೋಡುವವರಿಗೆ ಹೇಳುವುದು ರಸ್ತೆಯಲ್ಲ. ಮುಖದ ಮೇಲೆ ಹಾದುಹೋಗುವ ಬೆಳಕು, ಮೈಯ ಕುಲುಕಾಟ ಮತ್ತು ಎಂಜಿನ್ ಸದ್ದು ಹೇಳುತ್ತವೆ. ಈ ಮೂರನ್ನೂ ಚಿತ್ರೀಕರಣದ ದಿನ ಹೊಂದಿಸಿಕೊಳ್ಳೋಣ ಎಂದು ಬಿಟ್ಟರೆ ಕೆಲಸ ಕೆಡುತ್ತದೆ. ಅವು ಚಿತ್ರಕತೆಯ ಪುಟದಲ್ಲೇ ಇರಬೇಕು.

ಬರೆಯುವ ಮೊದಲು ನಿಂತಿರುವ ಆಟೋ ಒಂದರ ಹಿಂದಿನ ಸೀಟಿನಲ್ಲಿ ಹತ್ತು ನಿಮಿಷ ಕುಳಿತು ಬನ್ನಿ. ಆಮೇಲೆ ಚಾಲಕನ ಬೆನ್ನ ಹಿಂದಿನ ಅಡ್ಡ ಕಂಬಿಯ ಹತ್ತಿರ ಮೊಬೈಲ್ ಹಿಡಿದು, ಹಿಂದೆ ಕುಳಿತವರತ್ತ ತಿರುಗಿಸಿ ನೋಡಿ. ಅವರ ತಲೆಯ ಹಿಂದೆ ರಸ್ತೆ ಕಾಣುವುದಿಲ್ಲ, ರೆಕ್ಸಿನ್ ಹೊದಿಕೆ ಕಾಣುತ್ತದೆ. ನಡುವೆ ಒಂದು ಸಣ್ಣ ಕಿಂಡಿ ಇದ್ದರೂ ಇಬ್ಬರಲ್ಲಿ ಒಬ್ಬರ ಭುಜ ಅದನ್ನು ಮುಚ್ಚುತ್ತದೆ. ಅಂದರೆ ಮುಖಗಳು ಅತ್ಯಂತ ಚೆನ್ನಾಗಿ ಕಾಣುವ ಕೋನದಲ್ಲೇ ಹೊರಗಿನ ಪ್ರಪಂಚ ಅತ್ಯಂತ ಕಡಿಮೆ ಕಾಣುತ್ತದೆ. ಈಗ ಮೊಬೈಲನ್ನು ಪಕ್ಕಕ್ಕೆ ತಂದು ಒಬ್ಬರ ಮುಖವನ್ನು ಅಡ್ಡದಿಂದ ನೋಡಿ. ಆಚೆಯ ಬದಿ ಪೂರ್ತಿ ಬಯಲು. ಅಲ್ಲಿ ನಿಂತ ಗೋಡೆ, ನಿಂತ ಸ್ಕೂಟರ್, ಎಲ್ಲವೂ ಇದ್ದಲ್ಲೇ ಇರುವುದು ಕಾಣುತ್ತದೆ. ದುಬಾರಿ ಕೋನ ಇದೇ. ಒಬ್ಬರು ಹೊರಗೆ ನೋಡುತ್ತಾ ಯೋಚಿಸುವುದು, ದಾರಿಯಲ್ಲಿ ಏನನ್ನೋ ಕಂಡು ಕೈ ತೋರಿಸುವುದು, ಇಂಥ ಒಂದು ವಾಕ್ಯ ಬರೆದರೆ ಸಾಕು, ಕ್ಯಾಮೆರಾ ಆ ಕಡೆಗೆ ತಿರುಗಲೇಬೇಕಾಗುತ್ತದೆ. ನನ್ನ ಮೊದಲ ಕಿರುಚಿತ್ರದಲ್ಲಿ ಇಂಥ ನಾಲ್ಕು ವಾಕ್ಯಗಳಿದ್ದವು, ಅದೂ ಹಗಲಿನಲ್ಲಿ. ಇಡೀ ದಿನ ಹೋಯಿತು, ಸಂಕಲನದ ಮೇಜಿನ ಮೇಲೆ ಒಂದು ಶಾಟೂ ಉಳಿಯಲಿಲ್ಲ.

ಆದ್ದರಿಂದ ಪಾತ್ರಗಳ ನೋಟವನ್ನು ಒಳಗೇ ಹಿಡಿದಿಡುವ ವಸ್ತುವೊಂದು ಬೇಕು. ಇತ್ತೀಚೆಗೆ ನಾನು ಬರೆದ ದೃಶ್ಯವನ್ನೇ ತೆಗೆದುಕೊಳ್ಳುತ್ತೇನೆ. ಅಣ್ಣ ತಮ್ಮ ಇಬ್ಬರು ತೀರಿಹೋದ ತಂದೆಯ ಹೊಲಿಗೆ ಯಂತ್ರವನ್ನು ಮಾರಲು ಒಯ್ಯುತ್ತಿದ್ದಾರೆ. ಬೆಲೆ ಇನ್ನೂ ಗೊತ್ತಾಗಿಲ್ಲ ಎಂದು ಅಣ್ಣ ನಂಬಿದ್ದಾನೆ. ತಮ್ಮ ಆಗಲೇ ಮುಂಗಡ ಪಡೆದು ಖರ್ಚು ಮಾಡಿದ್ದಾನೆ. ಪುಟ ಹೀಗೆ ಆರಂಭವಾಗುತ್ತದೆ:

ಆಟೋ ಒಳಗೆ. ರಾತ್ರಿ. ಅಣ್ಣ ಎಡಕ್ಕೆ, ತಮ್ಮ ಬಲಕ್ಕೆ. ನಡುವೆ ಹಳೆಯ ಪಂಚೆಯಲ್ಲಿ ಸುತ್ತಿದ ಹೊಲಿಗೆ ಯಂತ್ರ. ಬಟ್ಟೆಯಿಂದ ಹೊರಗೆ ಉಳಿದ ಅದರ ಕೈಚಕ್ರ ಸಣ್ಣಗೆ ನಡುಗುತ್ತಿದೆ.

ಆ ಕೈಚಕ್ರವೇ ನನ್ನ ರಸ್ತೆ. ಅದು ನಡುಗಿದರೆ ಗಾಡಿ ಓಡುತ್ತಿದೆ, ನಿಂತರೆ ಗಾಡಿ ನಿಂತಿದೆ, ಗುಂಡಿ ಬಂದಾಗ ಅರ್ಧ ಸುತ್ತು ತಿರುಗುತ್ತದೆ. ಫ್ರೇಮಿನ ಕೆಳಗಿನಿಂದ ಒಬ್ಬ ಸಹಾಯಕ ಒಂದು ಬೆರಳಿನಲ್ಲಿ ಅದನ್ನು ಆಡಿಸಬಹುದು. ಮಾತಿನ ಮಧ್ಯೆ ಇಬ್ಬರ ಕಣ್ಣೂ ಹೊರಗೆ ಹೋಗದೆ ಅದರ ಮೇಲೆ ಬೀಳುತ್ತವೆ, ಏಕೆಂದರೆ ಅದು ಅಪ್ಪನದು. ನಿಮ್ಮ ಕತೆಯಲ್ಲಿ ಅದು ಹಾಲಿನ ಕ್ಯಾನ್ ಆಗಬಹುದು, ಗಾಜಿನ ಚೌಕಟ್ಟು ಹಾಕಿದ ಫೋಟೋ ಆಗಬಹುದು. ಅಲುಗಾಡುವ ವಸ್ತುವಾಗಿರಬೇಕು, ಕತೆಗೂ ಬೇಕಾದದ್ದಾಗಿರಬೇಕು. ಕತೆಗೆ ಬೇಡವಾದ ವಸ್ತುವನ್ನು ಅಲುಗಾಟಕ್ಕೆಂದೇ ತಂದಿಟ್ಟರೆ ಅದು ಎದ್ದು ಕಾಣುತ್ತದೆ.

ಇನ್ನು ಬೆಳಕು. ಆಟೋ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಸೆಕೆಂಡಿಗೆ ಸುಮಾರು 8 ಮೀಟರ್ ಸಾಗುತ್ತದೆ. ದೀಪದ ಕಂಬಗಳ ನಡುವೆ 30 ಮೀಟರ್ ಅಂತರವಿದೆ ಎಂದಿಟ್ಟುಕೊಂಡರೆ ಹೆಚ್ಚುಕಡಿಮೆ ನಾಲ್ಕು ಸೆಕೆಂಡಿಗೊಮ್ಮೆ ಒಂದು ಬೆಳಕು ಮುಖದ ಮೇಲೆ ಹಾಯಬೇಕು. ಒಂದು ಸಣ್ಣ ಮಾತು ಆಡಿ ಮುಗಿಸುವಷ್ಟು ಹೊತ್ತು ಅದು. ನಾನು ಸಂಭಾಷಣೆಯನ್ನು ಆ ಲಯಕ್ಕೇ ಬರೆಯುತ್ತೇನೆ. ಪ್ರಶ್ನೆ ಬೆಳಕಿನಲ್ಲಿ ಕೇಳಿದರೆ, ಉತ್ತರಿಸದ ಮುಖ ಕತ್ತಲಲ್ಲಿ ಉಳಿಯುತ್ತದೆ. ಮಾಡುವ ವಿಧಾನ ಸರಳ: ಒಬ್ಬರು ಕೋಲಿನ ತುದಿಗೆ ಎಲ್‌ಇಡಿ ದೀಪ ಕಟ್ಟಿಕೊಂಡು ಆಟೋದ ಮುಂದಿನಿಂದ ಹಿಂದಕ್ಕೆ ಎಡಬದಿಯಲ್ಲಿ ಸಾಗಿ, ಹಿಂದೆ ತಲುಪಿದ ಮೇಲೆ ದೀಪ ಮುಚ್ಚಿಕೊಂಡು ಮರಳಿ ಬರಬೇಕು. ಮುಚ್ಚದೆ ಬಂದರೆ ಬೆಳಕು ಹಿಂದಿನಿಂದ ಮುಂದಕ್ಕೆ ಹಾಯ್ದು, ಗಾಡಿ ಹಿಮ್ಮುಖವಾಗಿ ಓಡಿದಂತೆ ಕಾಣುತ್ತದೆ. ಈ ತಪ್ಪು ಚಿತ್ರೀಕರಣದ ಸ್ಥಳದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ.

ತಮ್ಮನನ್ನು ಬಲಕ್ಕೆ ಕೂರಿಸಿದ್ದಕ್ಕೂ ಕಾರಣವಿದೆ. ನಮ್ಮಲ್ಲಿ ವಾಹನಗಳು ಎಡಕ್ಕೆ ಚಲಿಸುವುದರಿಂದ ಎದುರಿನ ಹೆಡ್‌ಲೈಟ್ ಬಲಗಡೆಯಿಂದ ಬರುತ್ತದೆ. ಬಲಕ್ಕೆ ಕುಳಿತವನ ಮುಖದ ಮೇಲೆ ಅದು ನೇರವಾಗಿ, ಹೇಳದೆ ಕೇಳದೆ ಬೀಳುತ್ತದೆ. ಸುಳ್ಳು ಹೇಳುತ್ತಿರುವವನನ್ನು ನಾನು ಅಲ್ಲಿ ಕೂರಿಸುತ್ತೇನೆ. ಅಣ್ಣನಿಗೆ ಎಡಬದಿಯ ಕಂಬಗಳ ಸಮಾಧಾನದ ಬೆಳಕು ಸಿಗುತ್ತದೆ, ತಮ್ಮನಿಗೆ ಎರಡೇ ಎರಡು ಸಲ ಹೆಡ್‌ಲೈಟ್. ಆ ಎರಡು ಜಾಗಗಳನ್ನು ಪುಟದಲ್ಲೇ ಗುರುತು ಹಾಕಿದ್ದೇನೆ.

ಕುಲುಕಾಟವನ್ನೂ ಹಾಗೆಯೇ ಎಣಿಸಿ ಬರೆಯಬೇಕು. ಆಟೋ ಹಗುರವಾದ ಗಾಡಿ, ಹಿಂದಿನ ಬಂಪರ್ ಹಿಡಿದು ಒಬ್ಬರೇ ಅಲುಗಿಸಬಹುದು. ಬಿಡದೆ ಅಲುಗಿಸಿದರೆ ಅದು ಗಾಡಿಯಂತೆ ಕಾಣದೆ ತೊಟ್ಟಿಲಿನಂತೆ ಕಾಣುತ್ತದೆ. ನನ್ನ ಒಂದೂವರೆ ಪುಟದ ದೃಶ್ಯದಲ್ಲಿ ದೊಡ್ಡ ಕುಲುಕು ಮೂರೇ: ಒಂದು ರಸ್ತೆ ಉಬ್ಬು, ಒಂದು ಎಡ ತಿರುವು, ಒಂದು ಬ್ರೇಕ್. ಎಡಕ್ಕೆ ತಿರುಗಿದಾಗ ಮೈಗಳು ಬಲಕ್ಕೆ ವಾಲುತ್ತವೆ, ಅಣ್ಣನ ಭಾರ ಯಂತ್ರದ ಮೂಲಕ ತಮ್ಮನ ಮೇಲೆ ಬೀಳುತ್ತದೆ. ಬ್ರೇಕ್ ಹಾಕಿದಾಗ ಇಬ್ಬರ ಕೈಯೂ ಒಟ್ಟಿಗೆ ಯಂತ್ರವನ್ನು ಹಿಡಿಯಲು ಹೋಗುತ್ತವೆ. ನಟರು ತಮ್ಮತಮ್ಮ ಪಾಡಿಗೆ ಅಲ್ಲಾಡಿದರೆ ಮೋಸ ಕ್ಷಣದಲ್ಲಿ ಗೊತ್ತಾಗುತ್ತದೆ, ಏಕೆಂದರೆ ಒಂದೇ ಗಾಡಿಯಲ್ಲಿರುವವರು ಒಂದೇ ಕ್ಷಣಕ್ಕೆ ವಾಲುತ್ತಾರೆ. ಹೊರಗಿನಿಂದ ಒಬ್ಬರು “ಉಬ್ಬು”, “ತಿರುವು” ಎಂದು ಕೂಗಿ ಹೇಳಲಿ. ಚಾಲಕನ ಪಾತ್ರಧಾರಿಗೂ ಒಂದು ಮಾತು: ಹ್ಯಾಂಡಲ್ ಅನ್ನು ಅತ್ತಿತ್ತ ತಿರುಗಿಸುತ್ತಾ ಇರಬೇಡಿ. ನೇರ ರಸ್ತೆಯಲ್ಲಿ ಕೈ ಬಹುಮಟ್ಟಿಗೆ ಸುಮ್ಮನಿರುತ್ತದೆ. ಎಡಗೈ ಗೇರ್ ತಿರುಗಿಸುವುದನ್ನು ಮಾತ್ರ ನಿಜವಾದ ಚಾಲಕರಿಂದ ಕಲಿತುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಧ್ವನಿ. ನಿಂತ ಆಟೋದಲ್ಲಿ ಎಂಜಿನ್ ಬಂದ್ ಇರುತ್ತದೆ, ಮಾತು ಸ್ವಚ್ಛವಾಗಿ ಸಿಗುತ್ತದೆ, ಎಲ್ಲರಿಗೂ ಸಂತೋಷ. ಆಮೇಲೆ ಎಂಜಿನ್ ಸದ್ದು ಸೇರಿಸಿದರೆ, ಅಷ್ಟು ಗದ್ದಲದಲ್ಲಿ ಇಬ್ಬರು ಮಲಗುವ ಕೋಣೆಯಲ್ಲಿ ಕುಳಿತಂತೆ ಪಿಸುಗುಟ್ಟುತ್ತಿರುತ್ತಾರೆ. ಇದಕ್ಕೆ ಸಂಕಲನದಲ್ಲಿ ಪರಿಹಾರವಿಲ್ಲ, ಡಬ್ಬಿಂಗ್ ಮಾಡಿದರೂ ಕತ್ತಿನ ನರ ಬಿಗಿಯದ ಮುಖ ಉಳಿದೇಬಿಡುತ್ತದೆ. ಪ್ರತಿ ಟೇಕ್‌ಗೂ ಮೊದಲು ನಿಜವಾದ ಎಂಜಿನ್ ಅನ್ನು ಅರ್ಧ ನಿಮಿಷ ಓಡಿಸಿ, ನಟರು ಅದರ ಮೇಲೆ ಕೂಗಿ ಮಾತನಾಡಲಿ. ಎಂಜಿನ್ ನಿಲ್ಲಿಸಿ ಅದೇ ಗಂಟಲಿನಲ್ಲಿ ಟೇಕ್ ಶುರು ಮಾಡಿ.

ಆದರೆ ಬರೆಯುವವರಿಗೆ ಇದು ತೊಂದರೆಗಿಂತ ದೊಡ್ಡ ಸೌಲಭ್ಯ. ಓಡುವ ಆಟೋದಲ್ಲಿ ಗುಟ್ಟು ಹೇಳಲು ಬರುವುದಿಲ್ಲ. ಹಾಗಾದರೆ ಗುಟ್ಟು ಎಲ್ಲಿ ಹೊರಬೀಳಬೇಕು? ಸಿಗ್ನಲ್‌ನಲ್ಲಿ, ಚಾಲಕ ಎಂಜಿನ್ ಬಂದ್ ಮಾಡಿದಾಗ. ಅಲ್ಲಿ ಆಟೋ ನಿಜವಾಗಿಯೂ ನಿಂತಿರುತ್ತದೆ, ಬಾಡಿಗೆಯ ಯಾವ ಸಲಕರಣೆಯೂ ಬೇಕಿಲ್ಲ.

ಅಣ್ಣ (ಕೂಗಿ): ಎಷ್ಟು ಕೊಡುತ್ತಾರಂತೆ?
ತಮ್ಮ (ಕೂಗಿ): ನೋಡಿ ಹೇಳುತ್ತಾರಂತೆ!
ಬ್ರೇಕ್. ಇಬ್ಬರ ಕೈಯೂ ಯಂತ್ರದ ಮೇಲೆ. ಮುಖಗಳ ಮೇಲೆ ಕೆಂಪು ಬೆಳಕು, ಕದಲುವುದಿಲ್ಲ. ಎಂಜಿನ್ ನಿಲ್ಲುತ್ತದೆ. ಕೈಚಕ್ರ ನಿಲ್ಲುತ್ತದೆ.
ತಮ್ಮ (ಮೆಲ್ಲಗೆ): ಮುಂಗಡ ತೆಗೆದುಕೊಂಡಾಗಿದೆ ಅಣ್ಣ. ಹೋದ ವಾರವೇ.
ಕನ್ನಡಿಯಲ್ಲಿ ಚಾಲಕನ ಕಣ್ಣು ಒಮ್ಮೆ ಹಿಂದಕ್ಕೆ ಬಂದು ಸರಿಯುತ್ತದೆ. ಹಸಿರು. ಎಂಜಿನ್ ಗುಡುಗುತ್ತದೆ. ಅಣ್ಣನ ತುಟಿ ಅಲುಗುತ್ತದೆ, ಮಾತು ಕೇಳಿಸುವುದಿಲ್ಲ.

ಕೆಂಪು ಬೆಳಕಿಗೆ ದೀಪದ ಮುಂದೆ ಒಂದು ಬಣ್ಣದ ಹಾಳೆ ಸಾಕು. ಮುಖದ ಮೇಲೆ ಅಷ್ಟು ಹೊತ್ತು ಓಡಿದ ಬೆಳಕು ಈಗ ನಿಂತಿರುವುದರಿಂದಲೇ, ಹಿಂದೆ ಗಾಡಿ ಓಡುತ್ತಿತ್ತು ಎಂಬ ನಂಬಿಕೆ ಗಟ್ಟಿಯಾಗುತ್ತದೆ. ದೃಶ್ಯದ ಮೊದಲಿಗೆ, ರಸ್ತೆ ಬದಿಯಲ್ಲಿ ಟ್ರೈಪಾಡ್ ಇಟ್ಟು, ಅದೇ ಆಟೋ ನಿಜವಾಗಿ ಹಾದುಹೋಗುವ ಐದಾರು ಸೆಕೆಂಡಿನ ಒಂದು ಶಾಟ್ ಬರೆದುಕೊಳ್ಳಿ. ಒಳಗೆ ಯಾರಿದ್ದಾರೆ ಎಂದು ದೂರದಿಂದ ಗೊತ್ತಾಗುವುದಿಲ್ಲ, ನಟರೂ ಬೇಕಿಲ್ಲ.

ಬಸ್ ಇದಕ್ಕಿಂತ ಸುಲಭ. ರಾತ್ರಿ ಬಸ್ಸಿನೊಳಗೆ ದೀಪ ಹತ್ತಿದ್ದರೆ ಕಿಟಕಿ ಗಾಜು ಕನ್ನಡಿಯಾಗಿ ಒಳಗಿನವರನ್ನೇ ತೋರಿಸುತ್ತದೆ, ಹೊರಗಿನದು ಮರೆಯಾಗುತ್ತದೆ. ಹಗಲಾದರೆ ಬಸ್ಸನ್ನು ಕಿಕ್ಕಿರಿದು ತುಂಬಿಸಿ ಬರೆಯಿರಿ. ಕಿಟಕಿ ಪಕ್ಕ ಕ್ಯಾಮೆರಾ ಇಟ್ಟು ಒಳಮುಖವಾಗಿ ನೋಡಿದರೆ, ಕುಳಿತವರ ಹಿಂದೆ ನಿಂತವರ ಸೊಂಟ, ಚೀಲ, ಕಂಬಿ ಹಿಡಿದ ಕೈಗಳು ಬಿಟ್ಟು ಬೇರೇನೂ ಇರುವುದಿಲ್ಲ. ಹತ್ತು ಜನ ಗೆಳೆಯರು ನಿಂತರೆ ಆಚೆಯ ಕಿಟಕಿಗಳು ಮುಚ್ಚಿಹೋಗುತ್ತವೆ.

ಹಗಲಿನ ಆಟೋ ಮಾತ್ರ ಹೀಗೆ ಸಾಧ್ಯವಿಲ್ಲ. ಎರಡೂ ಬದಿಯ ಬಯಲನ್ನು ಬಿಸಿಲಿನಲ್ಲಿ ಮರೆಮಾಚುವ ಬರವಣಿಗೆ ನನಗೆ ಇದುವರೆಗೆ ಸಿಕ್ಕಿಲ್ಲ. ಹಗಲೇ ಬೇಕೆಂದರೆ ಆಟೋ ನಿಜವಾಗಿ ಓಡಲಿ, ಅನುಭವಿ ಚಾಲಕರೇ ಓಡಿಸಲಿ, ಅವರಿಗೆ ಒಂದು ಮಾತನ್ನೂ ಬರೆಯಬೇಡಿ. ಸಣ್ಣ ಕ್ಯಾಮೆರಾವನ್ನು ಆ ಅಡ್ಡ ಕಂಬಿಗೆ ಕ್ಲಾಂಪ್ ಹಾಕಿ ಬಿಗಿದು, ಹಗ್ಗದಿಂದ ಇನ್ನೊಮ್ಮೆ ಕಟ್ಟಿ, ಹಿಂದೆ ಕುಳಿತ ಇಬ್ಬರ ದೃಶ್ಯವನ್ನು ಒಂದೇ ಕೋನದಲ್ಲಿ, ಕತ್ತರಿಸದೆ ನಡೆಯುವಂತೆ ಬರೆಯಿರಿ. ಒಂದೂವರೆ ನಿಮಿಷ ಮೀರದಿರಲಿ. ಅದಕ್ಕಿಂತ ಉದ್ದವಾದರೆ ದಾರಿಯಲ್ಲಿ ಸಿಗ್ನಲ್ ಅಥವಾ ಹಾರ್ನ್ ಬಂದು ಟೇಕ್ ಮುರಿಯುತ್ತದೆ, ಮತ್ತೆ ಮೊದಲಿನಿಂದ ಆರಂಭಿಸಲು ಸುತ್ತು ಹಾಕಿ ಬರಬೇಕಾಗುತ್ತದೆ.