ಕಾರ್ಟನ್ ರೇಟು: 6 ಪರ್ಸೆಂಟ್ ಬಿಟ್ಟು 4ಕ್ಕೆ ಒಪ್ಪಿದ್ದು

ಮಾರ್ಚ್ 18, 2026, ಬುಧವಾರ

ಇವತ್ತು ಪೀಣ್ಯದ ಕಾರ್ಟನ್ ಫ್ಯಾಕ್ಟರಿಗೆ ಹೋಗಿ ಏಪ್ರಿಲ್‌ನಿಂದ ಒಂದು ವರ್ಷಕ್ಕೆ ಕಾರ್ಟನ್ ರೇಟು ಮಾತಾಡ್ಕೊಂಡು ಬಂದೆ. ನಮ್ಮ ಮಸಾಲೆ ಪುಡಿ ಎಲ್ಲ ಹೋಗೋದು 5 ಪ್ಲೈ, ಅಂದ್ರೆ ಐದು ಪದರದ ರಟ್ಟಿನ ಬಾಕ್ಸಲ್ಲಿ, ಒಂದಕ್ಕೆ 24 ರೂಪಾಯಿ, ಹೋದ ವರ್ಷ 1.4 ಲಕ್ಷ ಬಾಕ್ಸ್ ಬೇಕಾಗಿತ್ತು. ಓನರ್ ಕೂತ ತಕ್ಷಣ "ಮೇಡಂ, 2 ಲಕ್ಷ ತಗೋತೀನಿ ಅಂತ ಬರ್ಕೊಡಿ, 6 ಪರ್ಸೆಂಟ್ ಬಿಡ್ತೀನಿ" ಅಂದ್ರು. ನಮಗೆ ಎಷ್ಟೇ ಆರ್ಡರ್ ಬಂದ್ರೂ 1.5 ಲಕ್ಷ ದಾಟಲ್ಲ, ಉಳಿದ 50 ಸಾವಿರ ಬಾಕ್ಸು ಅಂದ್ರೆ 11 ಲಕ್ಷಕ್ಕೂ ಮೇಲೆ ದುಡ್ಡು ಗೋಡೌನಲ್ಲಿ ಕೂರತ್ತೆ, ಮಳೆಗಾಲದ ತೇವಕ್ಕೆ ರಟ್ಟು ಮೆತ್ತಗಾಗಿ ಕೆಳಗಿನ ಸಾಲು ಕುಸಿಯತ್ತೆ. 4 ಪರ್ಸೆಂಟಿಗೂ 6ಕ್ಕೂ ನಮಗಿರೋ ವ್ಯತ್ಯಾಸ ಬರೀ 72 ಸಾವಿರ.

ಅದಕ್ಕೇ ಅವರಿಗೆ ಖರ್ಚು ಎಲ್ಲಿ ಉಳಿಯತ್ತೆ ಅಂತ ಕೇಳ್ತಾ ಹೋದೆ. ಪ್ರತಿ ಸಲ ಸೈಜ್ ಬದಲಾದಾಗ ಮೆಷಿನ್ ನಿಲ್ಲಿಸಿ ಸೆಟ್ಟಿಂಗ್ ಮಾಡ್ಬೇಕು, ಶುರುವಲ್ಲಿ ಒಂದಷ್ಟು ಶೀಟು ವೇಸ್ಟ್ ಹೋಗತ್ತೆ, ನಾವು ವಾರವಾರ 3 ಸಾವಿರ ಕೇಳೋದ್ರಿಂದ ಅವರಿಗೆ ಅದೇ ತಲೆನೋವು. ಹಂಗಾದ್ರೆ ತಿಂಗಳಿಗೊಂದೇ ಸಲ 12,500, ಒಂದೇ ಸೈಜು, ಒಂದೇ ಕಲರ್ ಪ್ರಿಂಟು, ವರ್ಷಕ್ಕೆ 1.5 ಲಕ್ಷ ಅಂದೆ. 4 ಪರ್ಸೆಂಟಿಗೆ ಬಂದ್ರು, 23 ರೂಪಾಯಿ 4 ಪೈಸೆ, ಅದೂ ಪ್ರತಿ ಬಿಲ್ಲಲ್ಲೇ ಕಡಿತ.

ಆಮೇಲೆ ಒಂದು ಗಂಟೆ ಹಿಡಿದಿದ್ದು ಪೇಪರ್ ರೇಟಿನ ಮಾತು. ನಮ್ಮ ಬಾಕ್ಸ್ 550 ಗ್ರಾಂ, ಕ್ರಾಫ್ಟ್ ಪೇಪರ್ ಕೆಜಿಗೆ 2 ರೂಪಾಯಿ ಏರಿದ್ರೆ ಬಾಕ್ಸಿಗೆ 1 ರೂಪಾಯಿ 10 ಪೈಸೆ, ನಮಗೆ ಸಿಕ್ಕಿರೋ ಡಿಸ್ಕೌಂಟೇ 96 ಪೈಸೆ! ಅವರ ಲೆಟರಲ್ಲಿ "ಪೇಪರ್ ಏರಿದರೆ ರೇಟು ಏರುತ್ತದೆ" ಅಂತ ಮಾತ್ರ ಇತ್ತು, ಇಳಿದ್ರೆ ಏನು ಅಂತ ಇರ್ಲಿಲ್ಲ. ಇವತ್ತಿನ ಮಿಲ್ ರೇಟು ಲೆಟರಲ್ಲೇ ಬರೆಸಿ, 2 ರೂಪಾಯಿಗಿಂತ ಜಾಸ್ತಿ ಆಚೆಈಚೆ ಆದ್ರೆ ಮಾತ್ರ, ಮಿಲ್ ಬಿಲ್ ತೋರ್ಸಿ, ಏರಿದ್ರೂ ಇಳಿದ್ರೂ ಒಂದೇ ಲೆಕ್ಕ ಅಂತ ಸೇರಿಸಿದ್ವಿ.

ತೂಕಾನೂ ಬರೆಸಿದೆ. ಲೈನರ್ ಪೇಪರಿನ ಜಿಎಸ್ಎಂ, ಅಂದ್ರೆ ಒಂದು ಚದರ ಮೀಟರ್ ಪೇಪರ್ ಎಷ್ಟು ಗ್ರಾಂ ತೂಗತ್ತೆ ಅನ್ನೋದನ್ನ ಸ್ವಲ್ಪ ಇಳಿಸಿದ್ರೆ ನೋಡೋಕೆ ಬಾಕ್ಸ್ ಅದೇ ಥರ ಇರತ್ತೆ, ಆದ್ರೆ 25 ಗ್ರಾಂ ಕಮ್ಮಿಯಾದ್ರೆ ಹತ್ರಹತ್ರ 80 ಪೈಸೆ ಅವರಿಗೆ ವಾಪಸ್ ಹೋದಂಗೆ. ಇನ್ಮೇಲೆ ಪ್ರತಿ ಲೋಡಲ್ಲೂ ಬೇರೆ ಬೇರೆ ಬಂಡಲಿಂದ ಹತ್ತು ಬಾಕ್ಸ್ ತೂಗೋದು, ತೇವ ಇದ್ರೆ ತೂಕ ಏರತ್ತೆ ಅಂತ ಮಾಯಿಶ್ಚರ್ ಮೀಟರ್ ಕೂಡ ಇಡೋದು.

ಒಪ್ಪಿದ್ದಕ್ಕಿಂತ ಕಡಿಮೆ ಬಾಕ್ಸ್ ಎತ್ತಿದ್ರೆ ಏನು ಅನ್ನೋದು ಕೊನೆಗೆ ಬಂತು. ಉಳಿದ ಬಾಕ್ಸೆಲ್ಲ ಮಾರ್ಚಲ್ಲಿ ತಗೊಂಡೇ ತೀರ್ಬೇಕು ಅಂತಿತ್ತು, ಅದನ್ನ ನಾನು ಒಪ್ಪಲಿಲ್ಲ. 1.35 ಲಕ್ಷದ ಕೆಳಗೆ ಬಂದ್ರೆ ಎತ್ತಿದ ಬಾಕ್ಸುಗಳ ಡಿಸ್ಕೌಂಟ್ ವಾಪಸ್ ಕೊಡ್ತೀವಿ, ಅಷ್ಟೇ. ಶುಕ್ರವಾರ ಸೈನ್, ಅಷ್ಟರಲ್ಲಿ ಗೋಡೌನಲ್ಲಿ 12,500ಕ್ಕೆ ಜಾಗ ಮಾಡ್ಬೇಕು.