ಟೀಚಿಂಗ್ ಫಿಲಾಸಫಿ ಬರೆಯುತ್ತಿದ್ದೇನೆ: ಇಂಚು, ಸೆಂಟು ಮತ್ತು ಒಂದು ನಂಬಿಕೆ

ಜೂನ್ ಕೊನೆ

ಕೊಡಗಿನ ಸಿದ್ದಾಪುರದ ಹತ್ತಿರದ ಶಾಲೆಯೊಂದರಲ್ಲಿ ಆರು ಮತ್ತು ಏಳನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಮುಂದಿನ ವರ್ಷ ಒಂದು ವಸತಿ ಶಾಲೆಗೆ ಅರ್ಜಿ ಹಾಕುವ ಯೋಚನೆ ಇದೆ. ಅಲ್ಲಿ ಅರ್ಜಿಯ ಜೊತೆ ಟೀಚಿಂಗ್ ಫಿಲಾಸಫಿ ಸ್ಟೇಟ್‌ಮೆಂಟ್ ಕೇಳುತ್ತಾರೆ. ಎರಡು ಪುಟ ಮೀರುವಂತಿಲ್ಲ. ಕಲಿಕೆ ಬಗ್ಗೆ ನಾನು ಏನು ನಂಬುತ್ತೇನೆ, ಆ ನಂಬಿಕೆಯಿಂದಾಗಿ ಕ್ಲಾಸಿನಲ್ಲಿ ಏನು ಮಾಡುತ್ತೇನೆ, ಅದು ಕೆಲಸ ಮಾಡಿದೆ ಅಂತ ಹೇಗೆ ಗೊತ್ತು, ಈ ಮೂರೂ ಅದರಲ್ಲಿರಬೇಕು.

ಮೊದಲು ನಂಬಿಕೆಗಳ ಪಟ್ಟಿ ಮಾಡಲು ಕೂತೆ. "ಪ್ರತಿ ಮಗುವೂ ವಿಶಿಷ್ಟ", "ಕಂಠಪಾಠಕ್ಕಿಂತ ಅರ್ಥ ಮುಖ್ಯ", "ಕಲಿಕೆ ಮಗುವಿನ ಬದುಕಿನ ಜೊತೆ ಸೇರಬೇಕು". ಕೊನೆಯ ಎರಡು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಇವೆ, ಬಿ.ಎಡ್ ಮಾಡಿದ ಎಲ್ಲರಿಗೂ ಬಾಯಿಗೆ ಬರುತ್ತವೆ. ಮಾತು ಸರಿಯೇ. ಆದರೆ ಅದನ್ನು ಓದಿದವರಿಗೆ ನನ್ನ ಕ್ಲಾಸ್ ಹೇಗಿರುತ್ತದೆ ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ಪ್ರತಿ ಸಾಲಿಗೂ ಒಂದು ಪರೀಕ್ಷೆ ಇಟ್ಟೆ. ಇದಕ್ಕೆ ಉಲ್ಟಾ ನಂಬುವ ಒಳ್ಳೆಯ ಮೇಷ್ಟ್ರು ಯಾರಾದರೂ ಇರಬಹುದಾ? "ಪ್ರತಿ ಮಗುವೂ ವಿಶಿಷ್ಟ" ಅನ್ನುವುದನ್ನು ಅಲ್ಲ ಅನ್ನುವವರು ಯಾರೂ ಇಲ್ಲ. ಯಾರೂ ಅಲ್ಲ ಅನ್ನದ ಮಾತಿನಿಂದ ಯಾರ ಕ್ಲಾಸೂ ಬೇರೆ ಆಗುವುದಿಲ್ಲ. ಆ ಸಾಲನ್ನು ಹೊಡೆದು ಹಾಕಿದೆ.

ಜುಲೈ, ಮಳೆ ರಜೆ

ಜಿಲ್ಲಾಧಿಕಾರಿಗಳು ಮತ್ತೆ ರಜೆ ಕೊಟ್ಟಿದ್ದಾರೆ. ಕರೆಂಟ್ ಇಲ್ಲ, ಆದರೆ ಬರೆಯಲು ಹಗಲಿದೆ.

ಈಗ ತಿರುಗಿಸಿ ಶುರು ಮಾಡಿದ್ದೇನೆ. ಮೊದಲು ನಂಬಿಕೆ, ಆಮೇಲೆ ಅಭ್ಯಾಸ ಅಂತ ಹೋಗುವ ಬದಲು ಹಳೆಯ ಪಾಠ ಟಿಪ್ಪಣಿ ತೆಗೆದು, ವಾರ ವಾರವೂ ಬಿಡದೆ ಮಾಡುವ ಕೆಲಸಗಳನ್ನು ಬರೆದುಕೊಂಡೆ. ಪ್ರತಿಯೊಂದರ ಮುಂದೆ "ಇದನ್ನು ಯಾಕೆ ಮಾಡುತ್ತೇನೆ?" ಅಂತ ಕೇಳಿಕೊಂಡೆ. ಕೆಲವಕ್ಕೆ "ಎಲ್ಲರೂ ಮಾಡುತ್ತಾರೆ" ಅನ್ನುವುದು ಬಿಟ್ಟು ಬೇರೆ ಉತ್ತರ ಇರಲಿಲ್ಲ. ಅವನ್ನು ಬಿಟ್ಟೆ.

ಉಳಿದವುಗಳಲ್ಲಿ ಒಂದು ಗಟ್ಟಿಯಾಗಿ ನಿಂತಿತು. ಹೊಸ ಪಾಠ ಶುರು ಮಾಡುವ ಮೊದಲು ಮಕ್ಕಳಿಗೆ ಚಿಕ್ಕ ಚೀಟಿ ಕೊಡುತ್ತೇನೆ. ಅದರಲ್ಲಿ ಎರಡು ಮೂರು ಪ್ರಶ್ನೆ, ಪ್ರತಿಯೊಂದರ ಕೆಳಗೆ "ಯಾಕೆ?" ಅಂತ ಒಂದು ಖಾಲಿ ಗೆರೆ. ಅದಕ್ಕೆ ಅಂಕ ಕೊಡುವುದಿಲ್ಲ. ಯಾಕೆ ಮಾಡುತ್ತೇನೆ ಅಂದರೆ, ತಪ್ಪು ಉತ್ತರ ಸುಮ್ನೆ ಬರುವುದಿಲ್ಲ ಅಂತ ನಾನು ನಂಬುತ್ತೇನೆ. ಮಗುವಿನ ತಲೆಯಲ್ಲಿ ಒಂದು ನಿಯಮ ಇರುತ್ತದೆ, ಉತ್ತರ ಆ ನಿಯಮದಿಂದ ಬರುತ್ತದೆ. ಇದಕ್ಕೆ ಉಲ್ಟಾ ನಂಬುವ ಒಳ್ಳೆಯ ಮೇಷ್ಟ್ರುಗಳೂ ಇದ್ದಾರೆ. ತಪ್ಪು ಅಂದರೆ ಅಭ್ಯಾಸ ಸಾಲದು, ಇನ್ನೂ ಇಪ್ಪತ್ತು ಲೆಕ್ಕ ಮಾಡಿಸಬೇಕು ಅನ್ನುವವರು. ಅಂದರೆ ಈ ಸಾಲು ಪರೀಕ್ಷೆಯಲ್ಲಿ ಪಾಸು.

ಜುಲೈ ಮೂರನೇ ವಾರ

ಈ ನಂಬಿಕೆಗೆ ಒಂದು ಉದಾಹರಣೆ ಬೇಕು. ನಾಲ್ಕೈದು ಪಾಠಗಳನ್ನು ಒಂದೊಂದು ಸಾಲಿನಲ್ಲಿ ಹೇಳುವ ಬದಲು ಒಂದನ್ನೇ ಪೂರ್ತಿ ತೋರಿಸುವುದು ಮೇಲು. ಆರನೇ ಕ್ಲಾಸಿನ ದಶಮಾಂಶ ತೆಗೆದುಕೊಂಡೆ.

0.4 ಮತ್ತು 0.35, ಯಾವುದು ದೊಡ್ಡದು? ಸುಮಾರು ಮಕ್ಕಳು 0.35 ಅನ್ನುತ್ತಾರೆ. "ಯಾಕೆ?" ಗೆರೆಯಲ್ಲಿ "35 ದೊಡ್ಡದು, 4 ಚಿಕ್ಕದು" ಅಂತ ಇರುತ್ತದೆ. ಪಾಯಿಂಟ್ ಆದಮೇಲಿನ ಅಂಕಿಗಳನ್ನು ಪೂರ್ಣ ಸಂಖ್ಯೆ ತರಹ ಓದುತ್ತಿದ್ದಾರೆ. ನಾವು ದೊಡ್ಡವರು "ಪಾಯಿಂಟ್ ಮೂವತ್ತೈದು" ಅಂತ ಓದುವುದೂ ಇದಕ್ಕೆ ನೀರೆರೆಯುತ್ತದೆ.

ಇಷ್ಟೇ ಆಗಿದ್ದರೆ ಸುಲಭ. ಆದರೆ ಇನ್ನೊಂದು ಗುಂಪು ಇದೆ. ಅವರು 0.4 ಅಂತ ಸರಿ ಉತ್ತರ ಕೊಡುತ್ತಾರೆ, ಕಾರಣ ಮಾತ್ರ ಬೇರೆ: "ಅಂಕಿ ಜಾಸ್ತಿ ಇದ್ದರೆ ತುಂಡು ಚಿಕ್ಕದು." ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು ಅಂತ ಕಲಿತದ್ದನ್ನು ಇಡೀ ಸಂಖ್ಯೆಗೇ ಹಚ್ಚಿದ್ದಾರೆ. ಈ ಮಕ್ಕಳಿಗೆ 0.45 ಮತ್ತು 0.3 ಕೊಟ್ಟರೆ 0.3 ದೊಡ್ಡದು ಅನ್ನುತ್ತಾರೆ. ಮೊದಲ ಗುಂಪು ಇಲ್ಲಿ 0.45 ಅಂತ ಸರಿ ಹೇಳಿ ಪಾರಾಗುತ್ತದೆ! ಅದಕ್ಕೇ ನನ್ನ ಚೀಟಿಯಲ್ಲಿ ಎರಡೂ ಜೋಡಿ ಇರುತ್ತವೆ. ಒಂದೇ ಜೋಡಿ ಇಟ್ಟರೆ ಒಂದಲ್ಲ ಒಂದು ಗುಂಪು ಕಣ್ಣಿಗೆ ಬೀಳುವುದಿಲ್ಲ. ಇನ್ನು 0.62 ಮತ್ತು 0.48 ತರಹ ಎರಡರಲ್ಲೂ ಅಷ್ಟಷ್ಟೇ ಅಂಕಿ ಇದ್ದರೆ, ಎರಡೂ ಗುಂಪಿನವರು ಸರಿ ಹೇಳಿಬಿಡುತ್ತಾರೆ.

ಸ್ಟೇಟ್‌ಮೆಂಟಿನಲ್ಲಿ ಬರಬೇಕಾದ್ದು ಇದೇ ಅನ್ನಿಸಿತು. "ಮಕ್ಕಳ ತಪ್ಪುಗಳನ್ನು ಗೌರವಿಸುತ್ತೇನೆ" ಅಂತ ಬರೆದರೆ ಯಾರಿಗೆ ಏನು ಗೊತ್ತಾಗುತ್ತದೆ? "ಬೇರೆ ಬೇರೆ ತಪ್ಪು ನಿಯಮಕ್ಕೆ ಬೇರೆ ಬೇರೆ ಉತ್ತರ ಬರುವ ಹಾಗೆ ಸಂಖ್ಯೆಗಳನ್ನು ಆರಿಸುತ್ತೇನೆ" ಅಂತ ಬರೆದರೆ ಕ್ಲಾಸ್ ಕಾಣುತ್ತದೆ.

ಆಗಸ್ಟ್

ಉದಾಹರಣೆ ನಮ್ಮ ಊರಿನದಾಗಬೇಕು ಅನ್ನುವುದನ್ನೂ ಬರೆಯಬೇಕಿತ್ತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು.

ಕೊಯ್ದ ಕಾಫಿ ಹಣ್ಣು ತೂಗುವ ಲೆಕ್ಕ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ತೋಟದ ಕೆಲಸಗಾರರ ಲೈನ್ ಮನೆಗಳ ಮಕ್ಕಳಿಗಂತೂ ಅದು ಅಪ್ಪ ಅಮ್ಮನ ಸಂಬಳದ ಲೆಕ್ಕ. ಆದರೆ ಡಿಜಿಟಲ್ ತಕ್ಕಡಿ 48.50, 48.45 ಅಂತ ಯಾವಾಗಲೂ ಅಷ್ಟೇ ಅಂಕಿ ತೋರಿಸುತ್ತದೆ. ರೂಪಾಯಿ ಪೈಸೆಯೂ ಹಾಗೆಯೇ. ಅಂಕಿ ಸಮ ಇರುವುದರಿಂದ ಎರಡೂ ತಪ್ಪು ನಿಯಮ ಅಲ್ಲಿ ನಿರಾಳವಾಗಿ ಬದುಕುತ್ತವೆ. ಉದಾಹರಣೆ ಊರಿನದೇ, ಆದರೆ ನನ್ನ ಕೆಲಸಕ್ಕೆ ಬರುವುದಿಲ್ಲ.

ಕೆಲಸಕ್ಕೆ ಬಂದದ್ದು ಮಳೆ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ. ಒಂದು ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?" ಅನ್ನುವುದು ಕಾಫಿ ಹೂ ಅರಳಿಸುವ ಹೂಮಳೆ ಸಮಯದಲ್ಲಿ ಮನೆ ಮನೆಯ ಮಾತು. ಈಗ ಮಕ್ಕಳಿಗೆ "ಎರಡು ಇಂಚು ಐದು ಸೆಂಟ್" ಅಂತ ಹೇಳಿ, ದಶಮಾಂಶದಲ್ಲಿ ಬರೆಯಿರಿ ಅಂದರೆ ಒಂದಷ್ಟು ಜನ 2.5 ಅಂತ ಬರೆಯುತ್ತಾರೆ, ಒಂದಷ್ಟು ಜನ 2.05 ಅಂತ. ಎರಡನ್ನೂ ಬೋರ್ಡಿನಲ್ಲಿ ಬರೆದು, ಏನೂ ಹೇಳದೆ, "ಹಾಗಾದರೆ ಎರಡೂವರೆ ಇಂಚು ಮಳೆ ಬಂದರೆ ಹೇಗೆ ಬರೆಯುತ್ತೀರಿ?" ಅಂತ ಕೇಳುತ್ತೇನೆ. 2.5 ಬರೆದವರು ಅಲ್ಲಿ ನಿಲ್ಲುತ್ತಾರೆ. ಐದು ಸೆಂಟೂ ಅದೇ, ಐವತ್ತು ಸೆಂಟೂ ಅದೇ ಆಗಲು ಹೇಗೆ ಸಾಧ್ಯ ಅನ್ನುವ ಜಗಳ ಅವರೇ ಶುರು ಮಾಡುತ್ತಾರೆ. ಆ ಜಗಳಕ್ಕೆ ಹತ್ತು ನಿಮಿಷ ಬಿಡುತ್ತೇನೆ.

ಆಮೇಲೆ ಹತ್ತು ಸಾಲು, ಹತ್ತು ಕಂಬಸಾಲಿನ ನೂರು ಚೌಕದ ಹಾಳೆ. ಇಡೀ ಹಾಳೆ ಒಂದು ಇಂಚು, ಒಂದು ಚೌಕ ಒಂದು ಸೆಂಟ್. 0.4ಕ್ಕೆ ನಾಲ್ಕು ಪೂರ್ತಿ ಕಂಬಸಾಲಿಗೆ ಬಣ್ಣ ಹಾಕಿದರೆ ನಲವತ್ತು ಚೌಕ. 0.35ಕ್ಕೆ ಮೂರು ಕಂಬಸಾಲು, ಐದು ಚೌಕ. "ಸೊನ್ನೆ ಸೇರಿಸಿ ಅಂಕಿ ಸಮ ಮಾಡಿ ಹೋಲಿಸಿ" ಅನ್ನುವ ಉಪಾಯವನ್ನು ಇದಾದ ಮೇಲೆಯೇ ಹೇಳುವುದು. ಮೊದಲೇ ಹೇಳಿದರೆ ಉತ್ತರ ಸರಿ ಬರುತ್ತದೆ, ನಿಯಮ ಒಳಗೇ ಉಳಿಯುತ್ತದೆ.

ಸೆಪ್ಟೆಂಬರ್, ಕೈಲ್ ಮುಹೂರ್ತದ ರಜೆ ಮುಗಿದ ಮೇಲೆ

ಈಗಿನ ಕರಡಿನಲ್ಲಿ ಆ ಪ್ಯಾರಾ ಹೀಗಿದೆ:

> ಮಗುವಿನ ತಪ್ಪು ಉತ್ತರದ ಹಿಂದೆ ಅದು ತಾನೇ ಕಟ್ಟಿಕೊಂಡ ನಿಯಮವೊಂದು ಇರುತ್ತದೆ ಎಂದು ನಂಬುತ್ತೇನೆ. ಆದ್ದರಿಂದ ದಶಮಾಂಶ ಪಾಠಕ್ಕೆ ಮೊದಲು 0.4 ಮತ್ತು 0.35, 0.45 ಮತ್ತು 0.3 ಎಂಬ ಎರಡು ಜೋಡಿಗಳನ್ನು ಕೊಟ್ಟು ಕಾರಣ ಬರೆಸುತ್ತೇನೆ. ಒಂದೊಂದು ತಪ್ಪು ನಿಯಮ ಒಂದೊಂದು ಜೋಡಿಯಲ್ಲಿ ಹೊರಬರುತ್ತದೆ. ನಂತರ ತೋಟದ ಮಳೆ ಲೆಕ್ಕದಲ್ಲಿ ಆ ನಿಯಮ ಎಲ್ಲಿ ಮುರಿಯುತ್ತದೆ ಎಂದು ಮಕ್ಕಳೇ ಕಂಡುಕೊಳ್ಳುವಂತೆ ಮಾಡುತ್ತೇನೆ. ಎರಡು ವಾರದ ನಂತರ ಅದೇ ರೀತಿಯ ಚೀಟಿ ಮತ್ತೆ ಕೊಟ್ಟು, ಉತ್ತರಕ್ಕಿಂತ ಕಾರಣ ಬದಲಾಗಿದೆಯೇ ಎಂದು ನೋಡುತ್ತೇನೆ.

ಕೊನೆಯ ವಾಕ್ಯಕ್ಕೆ ಪುರಾವೆಯಾಗಿ ಒಬ್ಬ ಹುಡುಗಿಯ ಎರಡು ಚೀಟಿಗಳ ಮಾತನ್ನು ಹೆಸರಿಲ್ಲದೆ ಹಾಕುತ್ತಿದ್ದೇನೆ. ಮೊದಲನೆಯದರಲ್ಲಿ "35 ದೊಡ್ಡದು". ಎರಡನೆಯದರಲ್ಲಿ "0.4 ಅಂದರೆ 40 ಸೆಂಟ್, ಇನ್ನೊಂದು 35 ಸೆಂಟ್". ಅಂಕಪಟ್ಟಿಗಿಂತ ಈ ಎರಡು ಸಾಲು ಜಾಸ್ತಿ ಹೇಳುತ್ತವೆ ಅಂತ ನನ್ನ ಅನಿಸಿಕೆ.

ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಹಿರಿಯ ಟೀಚರ್ ಒಬ್ಬರು ಕರಡು ಓದಿದರು. "ಮೇಡಂ, ಎಲ್ಲ ಪಾಠಕ್ಕೂ ಹೀಗೆ ಮಾಡ್ತೀರಾ? ಸಿಲಬಸ್ ಮುಗಿಯುತ್ತಾ?" ಅಂದರು. ಎಲ್ಲ ಪಾಠಕ್ಕೂ ಆಗುವುದಿಲ್ಲ. ನಲವತ್ತು ನಿಮಿಷದ ಪಿರಿಯಡ್, ಚೀಟಿ ಓದಿ ಗುಂಪು ಮಾಡಲು ಸಂಜೆಯ ಹೊತ್ತು ಬೇಕು. ದಶಮಾಂಶ, ಭಿನ್ನರಾಶಿ, ಋಣ ಸಂಖ್ಯೆ, ಬೀಜಗಣಿತದ ಮೊದಲ ಪಾಠ, ಹೀಗೆ ಹಳೆಯ ನಿಯಮ ಹೊಸ ಪಾಠಕ್ಕೆ ಅಡ್ಡ ಬರುವ ಕಡೆ ಮಾತ್ರ ಮಾಡುತ್ತೇನೆ. ಅಳತೆ ಪರಿವರ್ತನೆ ತರಹದ ಪಾಠಕ್ಕೆ ನೇರವಾಗಿ ವಿವರಿಸಿ ಅಭ್ಯಾಸ ಕೊಡುತ್ತೇನೆ. "ಅದನ್ನೇ ಬರೀರಿ ಮತ್ತೆ, ಓದಿದವರು ನಂಬ್ತಾರೆ" ಅಂದರು. ಅವರ ಮಾತು ಸರಿ. ಎಲ್ಲಿ ಮಾಡುವುದಿಲ್ಲ ಅನ್ನುವುದು ಒಂದು ವಾಕ್ಯವಾಗಿ ಸೇರಿತು.

ಅಕ್ಟೋಬರ್

ಎರಡನೇ ನಂಬಿಕೆ ಇನ್ನೂ ಕುಂಟುತ್ತಿದೆ. ಮಗು ಯೋಚನೆಯನ್ನು ಮನೆಮಾತಿನಲ್ಲಿ ಮಾಡಿ, ಆಮೇಲೆ ಶಾಲೆಯ ಭಾಷೆಗೆ ತರಬೇಕು ಅನ್ನುವುದು. ನನ್ನ ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಭಾಷೆ, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳ ಭಾಷೆ ಎಲ್ಲವೂ ಇದೆ. ಇಬ್ಬಿಬ್ಬರನ್ನು ಕೂರಿಸಿ ಮೊದಲು ತಮ್ಮ ಭಾಷೆಯಲ್ಲಿ ಮಾತಾಡಲು ಬಿಡುತ್ತೇನೆ, ಆಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಸುತ್ತೇನೆ. ನಂಬಿಕೆ ಇದೆ, ಅಭ್ಯಾಸ ಇದೆ, ಪುರಾವೆ ಇಲ್ಲ. ಭಾಷೆಗೆ ಜೊತೆಗಾರರೇ ಇಲ್ಲದ ಮಗುವಿಗೆ ಏನು ಮಾಡುತ್ತೇನೆ ಅನ್ನುವುದಕ್ಕೂ ಉತ್ತರ ಬೇಕು. ಸದ್ಯಕ್ಕೆ ಅಂಥ ಮಗುವಿಗೆ ಮೊದಲು ಚಿತ್ರ ಬರೆಯಲು ಹೇಳುತ್ತಿದ್ದೇನೆ.

ಭಿನ್ನರಾಶಿ ಪಾಠ ನವೆಂಬರ್‌ನಲ್ಲಿ ಬರುತ್ತದೆ. "ಯಾಕೆ?" ಗೆರೆಯನ್ನು ಒಂದು ಸಲ ನೇರ ಕನ್ನಡದಲ್ಲಿ, ಇನ್ನೊಂದು ಸಲ ಮನೆಮಾತಿನಲ್ಲಿ ಮಾತಾಡಿದ ಮೇಲೆ ಬರೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಡಿಸೆಂಬರ್ ಬಂದರೆ ಕಾಫಿ ಕೊಯ್ಲು ಜೋರಾಗಿ ಹಾಜರಿ ಇಳಿಯುತ್ತದೆ, ಎರಡೂ ಚೀಟಿ ಒಂದೇ ಮಗುವಿನಿಂದ ಸಿಗುವುದು ಕಷ್ಟ. ಅದಕ್ಕೆ ಮೊದಲೇ ಸಿಕ್ಕರೆ ಎರಡನೇ ಪ್ಯಾರಾ ಸ್ಟೇಟ್‌ಮೆಂಟಿನಲ್ಲಿ ಇರುತ್ತದೆ. ಸಿಗದಿದ್ದರೆ ಒಂದೇ ನಂಬಿಕೆಯ ಒಂದೂಕಾಲು ಪುಟವನ್ನೇ ಕಳಿಸುತ್ತೇನೆ.